ಕಾರಿನ ಕಿವಿ

ನಮ್ಮ ಹೊಸ ಕಾರನ್ನು ಹೆಸರು ಹಿಡಿದು ಕರೆದು, ಎಸಿ ಕಡಿಮೆ ಮಾಡಲು ಇಂಗ್ಲಿಷಿನಲ್ಲಿ ಹೇಳಿದೆ. ಟಿಕೋಟಾ ದಾಟಿದ್ದೆವು, ನೆಟ್‌ವರ್ಕ್ ಇರಲಿಲ್ಲ. ಆಗಷ್ಟೇ ಹವಾಮಾನ ಕೇಳಿದ್ದಕ್ಕೆ ‘ಇಂಟರ್‌ನೆಟ್ ಇಲ್ಲ’ ಎಂದಿದ್ದ ಕಾರು, ಎಸಿಯನ್ನು ಮಾತ್ರ ತಟ್ಟನೆ ಇಳಿಸಿತು. ನಿವೃತ್ತ ಮಾಸ್ತರನಾದ ನನಗೆ ಅನುಮಾನ ಬಲಿಯಿತು: ನೆಟ್‌ವರ್ಕ್ ಇಲ್ಲದೆಯೂ ಕರೆದೊಡನೆ ಓಗೊಡುತ್ತದೆ ಎಂದರೆ ಇದು ನಮ್ಮ ಮಾತನ್ನೆಲ್ಲ ಕೇಳುತ್ತಲೇ ಇರುತ್ತದೆ! ಹಾಗೆಂದೇಬಿಟ್ಟೆ.

“ಇಲ್ರಿ ಅಜ್ಜಾ, ಇಂಥಾ ಸಣ್ಣ ಕೆಲಸ ಕಾರಿಗೇ ತಿಳೀತದ. ಹವಾಮಾನಕ್ಕಷ್ಟ ಸರ್ವರ್ ಬೇಕು. ಹೆಸರು ಕರಿಯೂತನಕ ಅದು ತನ್ನ ಹೆಸರಿಗಷ್ಟ ಕಾಯ್ತಿರ್ತದ,” ಎಂದು ಮೊಮ್ಮಗಳು ಶ್ರೇಯಾ ನಕ್ಕಳು.

ಕನಮಡಿ ಹತ್ತಿರ ಅವಳೇ ಸೆಟ್ಟಿಂಗ್ಸ್‌ಗೆ ಹೋಗಿ ಮೈಕ್ ಬಂದ್ ಮಾಡಿದಳು. ಪರದೆಯಲ್ಲಿ ಗೀಟು ಎಳೆದ ಮೈಕಿನ ಚಿತ್ರ ಬಂದ ಮೇಲೆ ಪಿಸುಗುಟ್ಟಿದಳು: “ಗಣಿತದಾಗ ಫೇಲ್ ಆಗೇನ್ರಿ. ಅಪ್ಪಗ ಹೇಳಬ್ಯಾಡ್ರಿ.”

ಅವಳಪ್ಪನಿಗೆ ನಾನಿನ್ನೂ ಹೇಳಿಲ್ಲ. ಆ ಮೈಕನ್ನೂ ಮತ್ತೆ ಚಾಲೂ ಮಾಡಿಲ್ಲ.