ಪ್ರತಿ ತುಣುಕಿನಲ್ಲೂ ಅದೇ ಮುಖ

ಆ ಹುಡುಗಿಯನ್ನು ಪರದೆಯ ಮೇಲೆ ಮೊದಲ ಸಲ ನೋಡಿದಾಗ ನನಗೆ ಖುಷಿಯಾಗಿತ್ತು ಎಂದು ನೆನಪು. ಆ ನೆನಪನ್ನು ಈಗ ನಂಬುವುದು ಕಷ್ಟ. ಆಮೇಲೆ ಬಂದ ಹೇಸಿಗೆ ಹಿಂದಕ್ಕೂ ಹರಿದು, ಮೊದಲಿನ ದಿನಗಳಿಗೂ ಮೆತ್ತಿಕೊಂಡುಬಿಟ್ಟಿದೆ.

ಚಿತ್ರ ನನ್ನ ದೊಡ್ಡಮ್ಮನದು. ನನ್ನನ್ನು ಸಾಕಿದವಳು ಅವಳೇ. ಮದುವೆಯಾಗಲಿಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ ಮೂಡಲಪಾಳ್ಯದ ಮನೆಯಿಂದ ನಾಯಂಡಹಳ್ಳಿ ದಾಟಿ ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಒಬ್ಬಳೇ ನಡೆದುಹೋದ ಮೊದಲ ದಿನವನ್ನು ಆರು ನಿಮಿಷದ ಕಿರುಚಿತ್ರ ಮಾಡಬೇಕೆಂದುಕೊಂಡೆ. ನಟಿ, ಕ್ಯಾಮೆರಾ ಯಾವುದೂ ಇಲ್ಲ, ಎಲ್ಲವೂ ಎಐಯಿಂದ. ನನ್ನ ಜೊತೆ ಕಾಲೇಜಿನಲ್ಲಿ ಓದಿದ ಗೆಳೆಯ ವಿಜಯನಗರದಲ್ಲಿ ಒಂದು ಕೋಣೆ ಹಿಡಿದು ಮದುವೆ ವಿಡಿಯೋ ಎಡಿಟ್ ಮಾಡುತ್ತಾನೆ. ಅವನೂ ಸೇರಿಕೊಂಡ. ಕಾರ್ಮಿಕ ಮಹಿಳೆಯರ ಒಂದು ಸಣ್ಣ ಸಮಾರಂಭದಲ್ಲಿ ತೋರಿಸುವುದೆಂದು ಮಾತಾಗಿತ್ತು. ಕೊನೆಯಲ್ಲಿ ದೊಡ್ಡಮ್ಮನ ಹೆಸರು ಬರಬೇಕು. ನನಗೆ ಬೇಕಿದ್ದದ್ದು ಅಷ್ಟೇ: ಅಲ್ಲಿ ನಡೆದುಹೋಗುವವಳು ಅವಳೇ ಆಗಿರಬೇಕು.

ಹರೆಯದ ದೊಡ್ಡಮ್ಮನ ಫೋಟೋ ಇದ್ದದ್ದು ಒಂದೇ, ಅಜ್ಜಿಯ ಟ್ರಂಕಿನಲ್ಲಿ. ಸ್ಟುಡಿಯೋದಲ್ಲಿ ತೆಗೆದ ಕಪ್ಪು ಬಿಳುಪು ಚಿತ್ರ. ಚೌಕಳಿ ಸೀರೆ, ಎರಡು ಜಡೆ, ಮೂಗಿನ ಬಲಗಡೆ ಮೂಗುಬೊಟ್ಟು. ಅದನ್ನು ಸ್ಕ್ಯಾನ್ ಮಾಡಿ ಗೆಳೆಯನಿಗೆ ಕೊಟ್ಟೆ.

ಮೊದಲು ನಾವು ದಡ್ಡರ ಹಾಗೆ ಮಾಡಿದೆವು. ಎಐ ಒಂದು ಸಲಕ್ಕೆ ಕೆಲವೇ ಸೆಕೆಂಡಿನ ವಿಡಿಯೋ ತುಣುಕು ಕೊಡುತ್ತದೆ; ಒಂದು ತುಣುಕಿನ ಕಡೆಯ ಚಿತ್ರವನ್ನೇ ಮುಂದಿನ ತುಣುಕಿಗೆ ಮೊದಲ ಚಿತ್ರವಾಗಿ ಕೊಡುತ್ತಾ ಹೋದೆವು. ಕೊಂಡಿ ಚೆನ್ನಾಗಿ ಕೂರುತ್ತಿತ್ತು. ಆದರೆ ಜೆರಾಕ್ಸಿನ ಜೆರಾಕ್ಸಿನಂತೆ, ಐದಾರು ತುಣುಕು ಕಳೆಯುವಷ್ಟರಲ್ಲಿ ದವಡೆ ಸಣ್ಣಗಾಗಿ, ಬಣ್ಣ ಬೆಳ್ಳಗಾಗಿ, ತುಟಿ ಊದಿಕೊಂಡು, ಯಾವುದೋ ಸೋಪಿನ ಜಾಹೀರಾತಿನ ಹುಡುಗಿ ಬಂದು ನಿಂತಿದ್ದಳು. ಚೌಕಳಿ ಒಂದು ಕಡೆ ದೊಡ್ಡದು, ಇನ್ನೊಂದು ಕಡೆ ಚಿಕ್ಕದು. ಮೂಗಿನ ಬೊಟ್ಟು ಎಡಕ್ಕೆ ಹಾರಿತ್ತು.

"ಇದ್ಯಾರೋ ಇದು? ನಮ್ಮ ದೊಡ್ಡಮ್ಮನ ಓನರ್ ಮಗಳಾ?" ಎಂದೆ.

"ತಡ್ಕೋ ಗುರು, ಸರಿ ಮಾಡೋಣ," ಎಂದ.

ಸರಿ ಮಾಡಿದ. ಫೋಟೋವನ್ನು ಎಐಗೆ ಕೊಟ್ಟು ಅವಳ ಚಿತ್ರಗಳ ಒಂದು ಮಾದರಿ ಹಾಳೆ ಕಟ್ಟಿದ: ಎದುರಿನಿಂದ, ಎಡದಿಂದ, ಬಲದಿಂದ, ನಿಂತ ಪೂರ್ತಿ ಆಳು. ಹಿಂದೆ ಬರೀ ಬೂದು ಬಣ್ಣ, ಎಲ್ಲ ಕಡೆ ಒಂದೇ ಬೆಳಕು. ಪ್ರತಿ ದೃಶ್ಯಕ್ಕೂ ಹಿಂದಿನ ತುಣುಕನ್ನು ನೆಚ್ಚದೆ ಆ ಹಾಳೆಗೇ ವಾಪಸು ಹೋಗುವುದು. ಮೊದಲು ನಿಶ್ಚಲ ಚಿತ್ರ, ಅದು ಸರಿಯಿದ್ದರೆ ಮಾತ್ರ ಚಲನೆ. ಎಐಗೆ ಬರೆದುಕೊಡುವ ಸೀರೆಯ ವಿವರಣೆಯಲ್ಲಿ ಒಂದು ಪದವೂ ಬದಲಾಗದಂತೆ ಪ್ರತಿ ಸಲ ಅದನ್ನೇ ಅಂಟಿಸುವುದು. ತುಣುಕುಗಳು ಚಿಕ್ಕದಾಗಿರಬೇಕು, ಮುಖ ಪೂರ್ತಿ ಆಚೆ ತಿರುಗಿ ಮತ್ತೆ ಈಚೆ ಬರಬಾರದು. ತಿರುಗಿ ಬರುವಾಗ ಬೇರೆ ಯಾರೋ ಬಂದಿರುತ್ತಾರೆ. ಚೌಕಳಿಗಳು ನಡೆದಾಗ ಹುಳುಗಳಂತೆ ಹರಿದಾಡುತ್ತಿದ್ದವು. ಪ್ಲೇನ್ ಸೀರೆ ಉಡಿಸೋಣ ಎಂದ. ನಾನು ಜಗಳವಾಡಿದೆ. ಅವಳು ಉಟ್ಟಿದ್ದು ಇದನ್ನೇ, ಇದೇ ಇರಬೇಕು.

ವಾರಗಟ್ಟಲೆ ಹಾಗೇ ಕೂತೆವು. ಒಳ್ಳೆಯ ಒಂದು ತುಣುಕಿಗೆ ಎಷ್ಟೋ ಕೆಟ್ಟವು. ಆರು ಬೆರಳಿನ ದೊಡ್ಡಮ್ಮ, ಟಿಫಿನ್ ಡಬ್ಬಿ ಕೈಯೊಳಗೆ ಕರಗಿಹೋದ ದೊಡ್ಡಮ್ಮ. ಅವಳನ್ನು ಬೆಣ್ಣೆಯ ಹಾಗೆ ಬೇಕಾದ ಕಡೆ ಒತ್ತುತ್ತಿದ್ದೇವೆ ಅನಿಸಿ ಕೆಲವು ದಿನ ಅರ್ಧಕ್ಕೇ ಎದ್ದು ಮನೆಗೆ ಹೋಗುತ್ತಿದ್ದೆ. ಆದರೂ ಕೊನೆಗೆ ಎಲ್ಲ ತುಣುಕುಗಳಲ್ಲೂ ಅದೇ ಮುಖ, ಅದೇ ಸೀರೆ, ಬಲಗಡೆಯೇ ಬೊಟ್ಟು. ಗೆಳೆಯ ಕುರ್ಚಿಯಲ್ಲಿ ಒಂದು ಸುತ್ತು ತಿರುಗಿದ. "ಒಂದು ಕೂದ್ಲು ಆಚೀಚೆ ಆಗಿಲ್ಲ ನೋಡು!"

ಅತ್ತಿಗುಪ್ಪೆಯ ನಮ್ಮ ಮನೆಯಲ್ಲಿ, ಮಧ್ಯಾಹ್ನದ ಊಟ ಆದ ಮೇಲೆ ಲ್ಯಾಪ್‌ಟಾಪ್ ಅನ್ನು ದೊಡ್ಡಮ್ಮನ ಮುಂದಿಟ್ಟೆವು. ಅವಳು ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದಳು. ಕೆರೆ ದಂಡೆಯ ದಾರಿ, ಧೂಳು, ಗೇಟಿನ ಮುಂದೆ ನಿಂತ ಹುಡುಗಿ. ಮುಗಿದ ಕೂಡಲೇ ಗೆಳೆಯ ತಡೆಯಲಾರದೆ ಕೇಳಿದ:

"ಹೆಂಗಿದೆ ಆಂಟಿ? ನೀವೇ ಅಲ್ವಾ?"

"ಚೆನ್ನಾಗವ್ಳೆ ಹುಡುಗಿ," ಎಂದಳು ದೊಡ್ಡಮ್ಮ. "ನಾನಲ್ಲ."

"ನಿಮ್ ಫೋಟೋದಿಂದಾನೇ ಮಾಡಿದ್ದು ಆಂಟಿ."

"ಗೊತ್ತು ಕಣಪ್ಪ, ಆ ಫೋಟೋ." ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ಗಂಡಿನ ಕಡೆಯವ್ರಿಗೆ ಕೊಡೋಕೆ ಅಂತ ತೆಗ್ಸಿದ್ದು. ಸ್ಟುಡಿಯೋದವ್ನಿಗೆ ನಮ್ಮಮ್ಮ ಹೇಳಿ, ಟಚಿಂಗ್ ಮಾಡ್ಸಿದ್ರು. ಪೆನ್ಸಿಲ್ ತಗೊಂಡು ನನ್ ಕಲೆ ಎಲ್ಲಾ ಮುಚ್ಚಿದ್ದ. ಸೀರೆನೂ ನಂದಲ್ಲ, ಪಕ್ಕದ ಮನೆಯವ್ಳದು."

ನಾನು ಅವಳ ಮುಖ ನೋಡಿದೆ. ಚಿಕ್ಕವಳಿದ್ದಾಗ ಬಂದ ಸಿಡುಬಿನ ಗುಳಿಗಳು ಕೆನ್ನೆಯ ತುಂಬ ಇದ್ದವು. ಹುಟ್ಟಿದಾಗಿನಿಂದ ಅದೇ ಮುಖ ನೋಡುತ್ತಾ ಬೆಳೆದವಳು ನಾನು. ಫೋಟೋದಲ್ಲಿ ಅವು ಇಲ್ಲದ್ದು ಒಂದು ದಿನವೂ ಕಣ್ಣಿಗೆ ಬೀಳಲಿಲ್ಲ. ಹಳೆಯ ಫೋಟೋ, ಮಾಸಿದೆ ಎಂದುಕೊಂಡಿದ್ದೆನೇ? ಅಷ್ಟೂ ಯೋಚಿಸಿದ್ದೆನೋ ಇಲ್ಲವೋ.

"ಅದನ್ನ ನೋಡ್ಬಿಟ್ಟು ಮಾಗಡಿ ಕಡೆಯಿಂದ ಬಂದ್ರು," ಎಂದಳು. "ನಾನು ಕಾಫಿ ತಗೊಂಡು ಈಚೆ ಬಂದೆ. ಫೋಟೋದಾಗಿರೋ ಹುಡ್ಗಿ ಎಲ್ಲಿ ಅಂದ್ರು. ಇವ್ಳೇ ಅಂದ್ರು ನಮ್ಮಮ್ಮ. ಕಾಫಿನೂ ಕುಡೀದೆ ಎದ್ದೋದ್ರು. ಅದಾದ್ಮೇಲೇ ತಾನೇ ನಾನು ಗಾರ್ಮೆಂಟ್ಸ್‌ಗೆ ಸೇರಿದ್ದು. ನಿಮ್ ಈ ಹುಡ್ಗಿ ಯಾಕೆ ಹೋಗ್ತಾಳೆ ಅಲ್ಲಿಗೆ? ಇವ್ಳಿಗೆ ಮದ್ವೆ ಆಗಿರೋದು."

ಗಂಡಿನ ಕಡೆಯವರು ಎದ್ದುಹೋಗಲು ಕಾರಣವಾದ ಆ ಪೆನ್ಸಿಲ್ ಗೀಟನ್ನೇ ನಾವು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ದೆವು. ಬಲಗಡೆಯ ಬೊಟ್ಟಿಗಾಗಿ, ಪಕ್ಕದ ಮನೆಯವಳ ಚೌಕಳಿಗಾಗಿ ಜಗಳವಾಡಿದ್ದೆ.

ಗೆಳೆಯ ಬಿಡಲಿಲ್ಲ. ದೊಡ್ಡಮ್ಮನ ಈಗಿನ ಮುಖದ ಫೋಟೋ ಕಿಟಕಿಯ ಬೆಳಕಿನಲ್ಲಿ ಹತ್ತಿರದಿಂದ ತೆಗೆದುಕೊಂಡು ಹೋಗಿ, ಅದನ್ನೂ ಹಾಳೆಗೆ ಸೇರಿಸಿದ. ಗುಳಿ ಇರಲಿ ಎಂದು ಬರೆದರೆ ಅರವತ್ತರ ಮುದುಕಿ ಬರುತ್ತಿದ್ದಳು. ಹತ್ತೊಂಬತ್ತು ಎಂದು ಬರೆದರೆ ಕೆನ್ನೆ ಗಾಜಾಗುತ್ತಿತ್ತು. ನಿಶ್ಚಲ ಚಿತ್ರದಲ್ಲಿ ಹೇಗೋ ಕೂರಿಸಿದ ಗುಳಿಗಳು ಅವಳು ತಲೆ ತಿರುಗಿಸಿದ ಕೂಡಲೇ ಕರಗುತ್ತಿದ್ದವು. ಒಂದು ತುಣುಕಿನಲ್ಲಿ ಮೊಡವೆ, ಇನ್ನೊಂದರಲ್ಲಿ ಕೆಸರು ಸಿಡಿದಂತೆ. ಹರೆಯದ ಹತ್ತಾರು ಫೋಟೋ ಇದ್ದಿದ್ದರೆ ಆ ಮುಖವನ್ನೇ ಎಐಗೆ ಬೇರೆಯಾಗಿ ಕಲಿಸಬಹುದಿತ್ತಂತೆ. ಇದ್ದದ್ದು ಒಂದು, ಅದೂ ಸುಳ್ಳು.

"ಗುರು, ಬೇಜಾರ್ ಮಾಡ್ಕೋಬೇಡ," ಎಂದ ಅವನು ಒಂದು ಸಂಜೆ. "ಹಳೇದೇ ಇರ್ಲಿ. ಜನಕ್ಕೇನು ಗೊತ್ತಾಗುತ್ತೆ? ಮದುಮಗಳಿಗೆ ಸ್ಕಿನ್ ಸ್ಮೂತ್ ಮಾಡಿಲ್ಲ ಅಂದ್ರೆ ಬೈತಾರೆ, ಮಾಡಿದ್ದಕ್ಕೆ ಬೈದೋರನ್ನ ನಾನಿನ್ನೂ ನೋಡಿಲ್ಲ."

"ನಮ್ಮಜ್ಜಿನೂ ಹಂಗೇ ಅಂದ್ಕೊಂಡಿದ್ಲು ಕಣೋ."

ದೊಡ್ಡಮ್ಮನನ್ನೇ ಕೇಳಿದೆ. ಅವಳು ಹುರುಳಿಕಾಳು ಆರಿಸುತ್ತಿದ್ದಳು. "ತೋರ್ಸೋದಾದ್ರೆ ತೋರ್ಸಿ. ನನ್ ಹೆಸ್ರು ತೆಗೀರಿ," ಎಂದಳು, ತಲೆ ಎತ್ತದೆ. "ಆ ಫೋಟೋದವ್ಳ ಹೆಸ್ರಲ್ಲಿ ಒಂದ್ ಸಲ ಗಂಡಿನ ಕಡೆಯವ್ರ ಮುಂದೆ ನಿಂತಿದ್ದು ಸಾಕು."

ಹೆಸರಿಲ್ಲದ ಆ ಚಿತ್ರ ನನಗೆ ಬೇಕಿರಲಿಲ್ಲ. ಸಮಾರಂಭದವರಿಗೆ ಆಗಲಿಲ್ಲವೆಂದು ಹೇಳಿದೆ. ಗೆಳೆಯ ಮುನಿಸಿಕೊಂಡ, ಅದು ಅವನ ದುಡಿಮೆಯೂ ಹೌದು. ಆದರೂ ನನ್ನೆದುರೇ ತುಣುಕುಗಳನ್ನೂ ಹಾಳೆಯನ್ನೂ ಅಳಿಸಿದ.

ಅಳಿಸಿದ್ದು ಅವನ ಯಂತ್ರದಿಂದ, ನನ್ನ ತಲೆಯೊಳಗಿಂದಲ್ಲ. ನಾನು ಶಾಲೆಗೆ ಹೊರಟಾಗ ದೊಡ್ಡಮ್ಮ ಬಾಗಿಲಲ್ಲಿ ನಿಂತು ನನ್ನ ಜಡೆಯ ಟೇಪು ಬಿಗಿ ಮಾಡುತ್ತಿದ್ದದ್ದನ್ನು ಈಚೆಗೆ ನೆನೆಸಿಕೊಂಡೆ. ಬಾಗಿಲು ಸರಿಯಾಗಿತ್ತು, ಟೇಪು ಕೆಂಪಗಿತ್ತು, ಬಗ್ಗಿದ ಮುಖ ನುಣ್ಣಗಿತ್ತು. ಬೇರೆ ದಿನ ನೆನೆಸಿದೆ, ಜ್ವರದಲ್ಲಿ ಪಕ್ಕ ಕೂತವಳನ್ನು. ಅಲ್ಲೂ ಅದೇ ಹುಡುಗಿ, ಬಲಗಡೆ ಬೊಟ್ಟು, ಒಂದು ಕೂದಲೂ ಆಚೀಚೆ ಇಲ್ಲ. ಆಗೆಲ್ಲ ಎದ್ದು ಅಡುಗೆಮನೆಗೆ ಹೋಗಿ, ನೀರು ಕುಡಿಯುವ ನೆಪದಲ್ಲಿ ದೊಡ್ಡಮ್ಮನ ಕೆನ್ನೆ ನೋಡುತ್ತಾ ನಿಲ್ಲುತ್ತೇನೆ. ಈಚೆ ಬಂದ ಕೂಡಲೇ ಮತ್ತೆ ಆ ಹುಡುಗಿಯೇ.