ಹದಿನೆಂಟು ಪುಟದ ಬಾವಿ, ಹನ್ನೊಂದು ಪೋಸ್ಟು

ಚರ್ಚಾಸ್ಪರ್ಧೆಗಳಲ್ಲಿ ಬೆಳೆದವರಿಗೆ ಒಂದು ಚಟವಿರುತ್ತದೆ. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ನಾವೇ ಮೊದಲು ಹೇಳಿಬಿಡುವುದು, ಆಮೇಲೆ ಅದನ್ನು ಬೀಳಿಸುವುದು. ಕಾಲೇಜಿನ ನಾಲ್ಕು ವರ್ಷ ಇದರಿಂದಲೇ ನನಗೆ ಬಹುಮಾನದ ಕಪ್‌ಗಳು ಬಂದಿದ್ದವು. ಇದೇ ಚಟದಿಂದ ಬಸವನಗುಡಿಯ ಒಂದು ಬಾವಿ ಮುಚ್ಚಿಹೋಗುವುದರಲ್ಲಿತ್ತು.

ಬಾವಿ ಇದ್ದದ್ದು ನಮ್ಮ ಬೀದಿಯ ನಿವಾಸಿಗಳ ಸಂಘದ ಕಟ್ಟಡದ ಹಿಂದೆ. ಪಕ್ಕದಲ್ಲೇ ಮಕ್ಕಳು ಷಟಲ್ ಆಡುವ ಜಾಗ. ಯಾರೋ ನೀರನ್ನು ಪರೀಕ್ಷೆಗೆ ಕೊಟ್ಟಾಗ ಕೊಳಚೆಯ ಬ್ಯಾಕ್ಟೀರಿಯಾ ಇದೆ, ನೈಟ್ರೇಟ್ ಮಿತಿ ಮೀರಿದೆ ಎಂದು ವರದಿ ಬಂತು. ಮಣ್ಣು ತುಂಬಿ ಮೇಲೆ ಕಾಂಕ್ರೀಟು ಹಾಕಿಬಿಡೋಣ ಎಂದು ಸಂಘದ ಕಾರ್ಯದರ್ಶಿಗಳು ಸೂಚಿಸಿದರು. ಭಾನುವಾರದ ಸಭೆಯಲ್ಲಿ ಕೈಯೆತ್ತಿ ತೀರ್ಮಾನಿಸುವುದೆಂದಾಯಿತು.

ಬೇಡ ಎಂದವರು ಬೀದಿಯ ಕೊನೆಯ ಮನೆಯ ಮೇಡಂ ಒಬ್ಬರೇ. ಅಂತರ್ಜಲದ ಎಂಜಿನಿಯರ್ ಆಗಿ ಕೆಲಸ ಮಾಡಿ ನಿವೃತ್ತರಾದವರು. ಯಾಕೆ ಬೇಡ ಎಂದು ಹದಿನೆಂಟು ಪುಟದ ಲೇಖನ ಬರೆದು ವಾಟ್ಸ್ಯಾಪ್ ಗುಂಪಿಗೆ ಹಾಕಿದರು. ಇಪ್ಪತ್ತು ಜನ ಕೈಮುಗಿದ ಚಿತ್ರ ಕಳಿಸಿದರು. ಓದಿದವರು ಯಾರೂ ಇರಲಿಲ್ಲ.

"ಇಷ್ಟುದ್ದ ಯಾರು ಓದ್ತಾರೆ ಮೇಡಂ, ಎಲ್ಲಾರೂ ಓದೋ ಥರ ಸಣ್ಣಸಣ್ಣದಾಗಿ ಹಾಕಿ" ಎಂದು ಕಾರ್ಯದರ್ಶಿಗಳೇ ಸಲಹೆ ಕೊಟ್ಟರಂತೆ. ಮೇಡಂ ನನ್ನನ್ನು ಕರೆಸಿದರು.

"ನೀನು ಯಾರು ಏನು ಹೇಳಿದ್ರೂ ಒಪ್ಪಲ್ವಂತೆ."

"ಆಧಾರ ಇದ್ರೆ ಒಪ್ತೀನಿ ಮೇಡಂ."

"ಸರಿ, ಕೂತ್ಕೋ."

ಓದಿದೆ. ಒಪ್ಪಲಿಲ್ಲ. ಅವರ ವಾದ ಇಷ್ಟು: ಕೊಳಚೆ ಬಾವಿಯಲ್ಲಿ ಹುಟ್ಟಿದ್ದಲ್ಲ, ಮನೆಗಳ ಹಿಂದಿನ ಗಲ್ಲಿಯಲ್ಲಿ ಸಾಲುಮನೆಗಳೆಲ್ಲ ಹಂಚಿಕೊಂಡಿರುವ ಹಳೆಯ ಮಣ್ಣಿನ ಒಳಚರಂಡಿ ಕೊಳವೆ ಸೋರುತ್ತಿದೆ, ಅಲ್ಲಿಂದ ಬರುತ್ತಿದೆ. ಬಿರುಬೇಸಿಗೆಯಲ್ಲೂ ಬಾವಿಯ ನೀರು ಇಳಿಯದಿರುವುದು ಅದಕ್ಕೊಂದು ಸುಳಿವು. ನಾನು ಕೇಳಿದೆ, "ಕುಡಿಯೋ ನೀರಿನ ಪೈಪೇ ಸೋರ್ತಿರಬಹುದಲ್ವಾ?"

"ಹನ್ನೊಂದನೇ ಪುಟ ಓದಿದ್ಯಾ?"

ಹಾರಿಸಿದ್ದೆ. ಅಲ್ಲಿ ಉತ್ತರವಿತ್ತು. ಕುಡಿಯುವ ನೀರು ಸೋರಿದ್ದರೆ ನೈಟ್ರೇಟ್ ತೆಳುವಾಗಬೇಕಿತ್ತು, ಏರಬಾರದಿತ್ತು. ಮೇಲಾಗಿ ಕೊಳವೆಗಿಂತ ಏರಿನಲ್ಲಿರುವ ಮನೆಯ ಬೋರ್‌ವೆಲ್ ನೀರು ಚೆನ್ನಾಗಿತ್ತು, ಇಳಿಜಾರಿನ ಮನೆಯದು ಕೆಟ್ಟಿತ್ತು. ಬಾವಿ ಮುಚ್ಚಿದರೆ ಕೊಳಚೆ ನಿಲ್ಲುವುದಿಲ್ಲ, ನಮ್ಮ ಕಣ್ಣಿಗೆ ಬೀಳುವುದು ನಿಲ್ಲುತ್ತದೆ. ಮೊದಲು ಕೊಳವೆ ಬದಲಿಸಿ, ಆಮೇಲೆ ಚಾವಣಿಯ ಮಳೆನೀರನ್ನು ಸೋಸಿ ಬಾವಿಗೆ ಇಳಿಸಿ, ಮತ್ತೆ ಪರೀಕ್ಷೆ ಮಾಡಿಸಿ. ಕೊಳವೆ ಸಾಲುಮನೆಗಳದ್ದೇ ಆದ್ದರಿಂದ ಅಗೆಸುವ ತಲೆನೋವೂ ಆ ಮನೆಯವರದ್ದೇ. ಬಾವಿ ಮುಚ್ಚುವುದು ಎಲ್ಲರಿಗೂ ಯಾಕೆ ಅಷ್ಟು ಇಷ್ಟವಾಗಿತ್ತೆಂದು ಆಗ ತಿಳಿಯಿತು.

ಲೇಖನವನ್ನು ಸಣ್ಣ ಪೋಸ್ಟುಗಳಾಗಿ ಒಡೆಯುವ ಕೆಲಸ ನನ್ನದಾಯಿತು. ಮೊದಲ ಪ್ರಯತ್ನದಲ್ಲಿ ಪುಟಕ್ಕೊಂದು ಪೋಸ್ಟು ಬರೆದೆ. ಹದಿನೆಂಟು ಪೋಸ್ಟು ಓದಿ ಮುಗಿಸಿದರೆ ಅದು ಲೇಖನದ ಪರಿವಿಡಿಯಾಗಿತ್ತು; ವಾದ ಎಲ್ಲೂ ಇರಲಿಲ್ಲ. ಎರಡನೆಯ ಸಲ ಪ್ರತಿ ಪುಟಕ್ಕೂ "ಇದಿಲ್ಲದಿದ್ದರೆ ಏನು ಬೀಳುತ್ತದೆ?" ಎಂದು ಕೇಳುತ್ತಾ ಹೋದೆ. ಏನೂ ಬೀಳದ ಪುಟಗಳನ್ನು ಬಿಟ್ಟೆ. ಬೆಂಗಳೂರಿನ ನೆಲದಡಿಯ ಬಂಡೆಯ ಬಗ್ಗೆ ಇದ್ದ ಐದು ಪುಟ ಹಾಗೆ ಹೋಯಿತು.

"ನನ್ನ ಕಲ್ಲೆಲ್ಲಾ ಎಲ್ಲಿ ಹೋಯ್ತು?" ಎಂದರು ಮೇಡಂ.

"ಅದಿಲ್ದೆ ಇದ್ರೆ ವಾದ ಬೀಳತ್ತಾ ಮೇಡಂ?"

ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬೀಳಲ್ಲ. ಆದ್ರೆ ಗಟ್ಟಿ ಬಂಡೆ ಮೇಲೆ ಸಡಿಲ ಪದರ ಇದೆ, ಕೊಳಚೆ ಅದರಲ್ಲಿ ಹರಿದು ಬೋರಿಗೂ ಹೋಗತ್ತೆ ಅಂತ ಒಂದು ಸಾಲಾದ್ರೂ ಬೇಕು. ಇಲ್ದಿದ್ರೆ ಬಾವಿಗೂ ಬೋರಿಗೂ ಏನು ಸಂಬಂಧ ಅಂತ ನೀನೇ ಕೇಳ್ತೀಯ."

ಕೇಳುತ್ತಿದ್ದೆ, ನಿಜ. ಒಂದು ಸಾಲು ಉಳಿಯಿತು.

ಶುಕ್ರವಾರ ಬೆಳಿಗ್ಗೆ ಸಾಮಾಜಿಕ ಜಾಲತಾಣದಲ್ಲಿ ಮೇಡಂ ಹೆಸರಿನಲ್ಲಿ ಒಂದು ಖಾತೆ ತೆರೆದು ಹದಿನಾಲ್ಕು ಪೋಸ್ಟುಗಳನ್ನು ಒಂದರ ಕೆಳಗೊಂದು ಪೋಣಿಸಿದೆ, ಕೊಂಡಿಯನ್ನು ಗುಂಪಿಗೆ ಹಾಕಿದೆ. ನನ್ನ ಲೆಕ್ಕದಲ್ಲಿ ಅದು ಗೆದ್ದ ಭಾಷಣ.

ಊಟದ ಹೊತ್ತಿಗೆ ಕಾರ್ಯದರ್ಶಿಗಳು ಮೇಡಂ ಮನೆಗೆ ಬಂದರು. ನಾನೂ ಅಲ್ಲೇ ಇದ್ದೆ. ಅವರ ಮುಖದ ತುಂಬಾ ನಗು.

"ದೊಡ್ಡ ಮನಸ್ಸು ಮೇಡಂ ನಿಮ್ದು. ಇಷ್ಟೆಲ್ಲಾ ವಾದ ಮಾಡಿ ಕೊನೆಗೆ ಒಪ್ಕೊಳ್ಳೋದು ಎಲ್ಲಾರ ಕೈಲೂ ಆಗಲ್ಲ."

"ಏನು ಒಪ್ಕೊಂಡೆ ನಾನು?"

ಅವರು ಫೋನ್ ತೋರಿಸಿದರು. ಯಾರೋ ಗುಂಪಿಗೆ ಹಾಕಿದ್ದ, ನನ್ನ ಎರಡನೆಯ ಪೋಸ್ಟಿನ ಸ್ಕ್ರೀನ್‌ಶಾಟು. ಮೇಲೆ ಮೇಡಂ ಹೆಸರು, ಫೋಟೋ. ಕೆಳಗೆ ನನ್ನದೇ ವಾಕ್ಯಗಳು: "ಬಾವಿಯ ನೀರಿನಲ್ಲಿ ಕೊಳಚೆಯ ಬ್ಯಾಕ್ಟೀರಿಯಾ ಇದೆ. ಪಕ್ಕದಲ್ಲೇ ಮಕ್ಕಳು ಆಡುತ್ತಾರೆ. ಈ ನೀರನ್ನು ಯಾರೂ ಬಳಸುತ್ತಿಲ್ಲ. ಬಾವಿಯನ್ನು ಮುಚ್ಚುವುದೇ ಸುರಕ್ಷಿತ." ಗುಂಪಿನಲ್ಲಿ ಅದರಡಿಯಲ್ಲಿ ಆಗಲೇ ಇಪ್ಪತ್ತಾರು ಹೆಬ್ಬೆರಳು. ಎಂಜಿನಿಯರೇ ಹೇಳಿದ ಮೇಲೆ ಇನ್ನೇನು ಎಂದು ಒಬ್ಬರು ಬರೆದಿದ್ದರು.

"ಅದು ನಿಮ್ಮ ವಾದ ಸಾರ್" ಎಂದೆ. "ನಿಮ್ಮ ಕಡೆಯಿಂದ ನಾನು ಹೇಳಿದ್ದು. ಮೂರನೇದ್ರಲ್ಲಿ ಉತ್ತರ ಇದೆ, ಓದಿ."

"ಮೂರನೇದು ನನಗೆ ಬಂದಿಲ್ವಲ್ಲಮ್ಮ."

ವೇದಿಕೆಯ ಮೇಲೆ ನನ್ನ ಎರಡನೆಯ ಮಾತು ಕೇಳಿ ಯಾರೂ ಎದ್ದು ಹೋಗುತ್ತಿರಲಿಲ್ಲ. ತೀರ್ಪುಗಾರರು ಗಂಟೆ ಬಾರಿಸುವವರೆಗೂ ಕೂತೇ ಇರುತ್ತಿದ್ದರು. ಇಲ್ಲಿ ಪ್ರತಿ ಪೋಸ್ಟೂ ಒಂಟಿಯಾಗಿ ಬೇರೆ ಬೇರೆ ಮನೆಗೆ ಹೋಗುತ್ತದೆ. ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ಬಂದದ್ದನ್ನು ಅವರು ಪೂರ್ತಿ ಓದಿದ್ದರು.

ಮೇಡಂ ಬೈಯಲಿಲ್ಲ. ಬೈದಿದ್ದರೆ ಎದುರು ಮಾತಾಡಬಹುದಿತ್ತು. "ಭಾನುವಾರಕ್ಕೆ ಇನ್ನು ಎರಡು ದಿನ" ಎಂದರಷ್ಟೆ.

ಎರಡನೆಯದನ್ನು ಮಾತ್ರ ಅಳಿಸಿದರೆ ಮೂರನೆಯದು "ಈ ವಾದ ಸರಿಯೆನಿಸುತ್ತದೆ, ಆದರೆ" ಎಂದು ಖಾಲಿ ಜಾಗಕ್ಕೆ ಉತ್ತರ ಕೊಡುತ್ತಾ ನಿಲ್ಲುತ್ತಿತ್ತು. ತಿದ್ದುವ ಸೌಲಭ್ಯ ಆ ಖಾತೆಗಿರಲಿಲ್ಲ. ಹದಿನಾಲ್ಕನ್ನೂ ತೆಗೆದು ಹೊಸದಾಗಿ ಬರೆಯುವುದೇ ದಾರಿ.

ಕಾರ್ಯದರ್ಶಿಗಳು ಚಪ್ಪಲಿ ಹುಡುಕುತ್ತಿದ್ದರು. ಮೇಡಂ ಅವರನ್ನು ತಡೆದರು. "ಕೂತ್ಕೊಳ್ಳಿ. ಕಾಫಿ ಕುಡಿದು ಹೋಗಿ. ನಿಮ್ಮಿಂದ ಒಂದು ಕೆಲಸ ಆಗ್ಬೇಕು."

ಹಳೆಯ ಹದಿನಾಲ್ಕನ್ನೂ ಮುದ್ರಿಸಿ, ಒಂದೊಂದನ್ನೂ ಕತ್ತರಿಸಿ, ಕಲೆಸಿ ಅವರ ಮುಂದಿಟ್ಟೆವು. ಕೈಗೆ ಸಿಕ್ಕಿದ್ದೊಂದನ್ನು ತೆಗೆದು ಓದಿ, ಏನು ಹೇಳುತ್ತದೆಂದು ಹೇಳಬೇಕು, ಅಷ್ಟೇ. ನನಗಿಂತ ದೊಡ್ಡ ಅನುಮಾನದ ಮನುಷ್ಯ ಬೇಕಿತ್ತು, ಎದುರಿಗೇ ಇದ್ದರು.

"'ಆದ್ದರಿಂದ ಇದು ಸಾಧ್ಯವಿಲ್ಲ.' ಯಾವುದು ಸಾಧ್ಯವಿಲ್ಲ? ಯಾತಕ್ಕೆ?" ಪಕ್ಕಕ್ಕಿಟ್ಟರು. "'ಇದಕ್ಕೆ ಎರಡು ಸಾಕ್ಷಿಗಳಿವೆ.' ಕೋರ್ಟಿಗೆ ಹೋಗೋದಾ?" ಅದೂ ಪಕ್ಕಕ್ಕೆ. ಮುಂದಿನದನ್ನು ಓದಿ ನಗುತ್ತಾ ಹೇಳಿದರು: "'ಮಳೆನೀರು ಇಳಿಸಿದರೆ ಬಾವಿ ಚೇತರಿಸಿಕೊಳ್ಳುತ್ತದೆ.' ಹಂಗಾದ್ರೆ ರಸ್ತೆ ನೀರು ಇವತ್ತೇ ತಿರುಗಿಸ್ಬಿಡ್ಲಾ ಮೇಡಂ?"

ಮೇಡಂ ಕಾಫಿ ಲೋಟ ಕೆಳಗಿಟ್ಟರು. "ನೋಡಿದ್ಯಾ. ಮೊನ್ನೆ ನಾನು ಹೇಳಿದ್ದೆಲ್ಲಾ ಏನಾಯ್ತು? ಚಾವಣಿ ನೀರು ಮಾತ್ರ, ಪೈಪು ಸರಿಯಾದ್ಮೇಲೆ."

"ಅದು ಹನ್ನೆರಡನೇ ಪೋಸ್ಟಲ್ಲಿದೆ ಮೇಡಂ."

"ಹನ್ನೆರಡನೇದು ಯಾರ ಮನೆಗೆ ಹೋಗಿದ್ಯೋ ಏನೋ."

ಹೊಸದನ್ನು ಬರೆಯುವಾಗ ಮೂರೇ ಕಟ್ಟುಪಾಡು ಇಟ್ಟುಕೊಂಡೆವು. ಒಂದು ಮಾತು ಮತ್ತು ಅದರ ಕಾರಣ ಒಂದೇ ಪೋಸ್ಟಿನಲ್ಲಿರಬೇಕು. ಷರತ್ತಿದ್ದರೆ ಷರತ್ತೂ ಅಲ್ಲೇ. ಎದುರಿನವರ ಮಾತು ಬಂದರೆ ಅದು ಯಾರದ್ದೆಂಬುದು, ಅದಕ್ಕೆ ಉತ್ತರ ಏನೆಂಬುದು ಅದೇ ಉಸಿರಿನಲ್ಲಿ ಬರಬೇಕು. ಹೇಳುವುದು ಸುಲಭ. ಒಂದು ಪೋಸ್ಟಿಗೆ ಇನ್ನೂರೆಂಬತ್ತು ಅಕ್ಷರದ ಮಿತಿ, ಅದರಲ್ಲಿ ನಮ್ಮ ಗುಣಿತವೂ ಒತ್ತೂ ಬೇರೆ ಬೇರೆ ಎಣಿಕೆ. "ಕ್ಷ" ಎಂದರೆ ಮೂರು ಹೋಯಿತು. "ಪರೀಕ್ಷೆ"ಯ ಬದಲು "ಟೆಸ್ಟ್" ಹಾಕಿ ಉಳಿಸಿದ ಜಾಗದಲ್ಲಿ "ಕೊಳವೆ ಬದಲಿಸಿದ ಮೇಲೆ" ಎಂಬುದನ್ನು ತುರುಕಬೇಕೆಂದು ನಾನು, "ಪರೀಕ್ಷೆ"ಯೇ ಇರಲಿ ಎಂದು ಮೇಡಂ. ಆ ಜಗಳದಲ್ಲಿ ನಾನು ಗೆದ್ದೆ.

ಸೋತದ್ದು ಮೊದಲ ಪೋಸ್ಟಿನ ವಿಷಯದಲ್ಲಿ. ಗುಂಪಿನಲ್ಲಿ ಓಡಾಡುತ್ತಿದ್ದ ಆ ಸ್ಕ್ರೀನ್‌ಶಾಟು ತಮ್ಮ ಅಭಿಪ್ರಾಯವಲ್ಲ, ಬರೆದ ರೀತಿ ತಪ್ಪಾಗಿತ್ತು ಎಂದು ಅಲ್ಲೇ ಹೇಳಬೇಕೆಂದರು ಮೇಡಂ.

"ಶುರುವಲ್ಲೇ ತಪ್ಪೊಪ್ಪಿಕೊಂಡ್ರೆ ಅವರಿಗೆ ಪಾಯಿಂಟ್ ಕೊಟ್ಟಂಗೆ."

"ತಪ್ಪಾಗಿದೆ ತಾನೇ?"

"ಆಗಿದೆ."

"ಮತ್ತೆ ಬರಿ."

ಶನಿವಾರ ಬೆಳಿಗ್ಗೆ ಹನ್ನೊಂದು ಪೋಸ್ಟು ಹೊರಟವು. ಅದಕ್ಕೆ ಮುಂಚೆ ಕಾರ್ಯದರ್ಶಿಗಳು ಮತ್ತೊಮ್ಮೆ ಚೂರುಗಳನ್ನು ಕಲೆಸಿ ಓದಿದ್ದರು. "ನಾನಿನ್ನೂ ಮುಚ್ಚೋ ಕಡೆಗೇ ಇದೀನಿ, ಗೊತ್ತಿರ್ಲಿ" ಎಂದರು. "ಆದ್ರೆ ನೀವೇನು ಹೇಳ್ತಿದೀರ ಅಂತ ಈಗ ಗೊತ್ತಾಯ್ತು." ಹೊಸ ಕೊಂಡಿಯನ್ನು ಗುಂಪಿಗೆ ಅವರೇ ಹಾಕಿದರು.

ಭಾನುವಾರ ನಾಲ್ಕು ಹಾಳೆಯ ಪ್ರತಿವಾದ ಬರೆದುಕೊಂಡು ಮುಂದಿನ ಸಾಲಿನಲ್ಲಿ ಕೂತೆ. ಮೇಡಂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದರು. ಮುಚ್ಚುವ ಸೂಚನೆಯನ್ನು ಓದಿ ಮುಗಿಸುವಷ್ಟರಲ್ಲಿ ಹಿಂದಿನಿಂದ ಒಬ್ಬ ಅಜ್ಜಿ ಎದ್ದು ನಿಂತರು. ಇಳಿಜಾರಿನ ಮನೆಯವರು. ಸೊಸೆ ಕಳಿಸಿದಳೆಂದು ಫೋನ್ ಹಿಡಿದು ನಿಧಾನವಾಗಿ ಓದಿದರು: "ಬಾವಿ ಮುಚ್ಚಿದರೆ ಕೊಳಚೆ ನಿಲ್ಲದು. ಗಲ್ಲಿಯ ಕೊಳವೆಗಿಂತ ಏರಿನ ಬೋರ್‌ವೆಲ್ ಚೆನ್ನಾಗಿದೆ, ಇಳಿಜಾರಿನದು ಕೆಟ್ಟಿದೆ. ಸೋರಿಕೆ ಕೊಳವೆಯಿಂದ ಎಂಬುದಕ್ಕೆ ಇದು ಆಧಾರ. ಮೊದಲು ಕೊಳವೆ ಅಗೆದು ನೋಡಿ."

ಅದು ಆರನೆಯ ಪೋಸ್ಟು. ಮಿಕ್ಕ ಹತ್ತನ್ನು ಅವರು ನೋಡಿಯೇ ಇರಲಿಲ್ಲ.

"ಇಳಿಜಾರಿಂದು ಅಂದ್ರೆ ನಮ್ಮನೇದೇ ಅಲ್ವೇನಪ್ಪಾ?" ಎಂದು ಕಾರ್ಯದರ್ಶಿಗಳನ್ನು ಕೇಳಿದರು. "ಬಾವಿ ಮುಚ್ಚಿಬಿಟ್ರೆ ನಮ್ಮ ನೀರು ಸರಿಹೋಗತ್ತಾ?"

ಕಾರ್ಯದರ್ಶಿಗಳು ಒಮ್ಮೆ ನನ್ನ ಕಡೆ ನೋಡಿದರು. "ಇಲ್ಲಮ್ಮ. ಅದಾಗಲ್ಲ."

ಆಮೇಲೆ ಹೆಚ್ಚು ಮಾತಾಗಲಿಲ್ಲ. ಮಕ್ಕಳಿಗಾಗಿ ಬಾವಿಗೆ ಕಬ್ಬಿಣದ ಜಾಲರಿ, ಗಲ್ಲಿಯಲ್ಲಿ ಅಗೆತ, ಮುಚ್ಚುವ ವಿಚಾರ ಅದಾದ ಮೇಲೆ. ಕೈಗಳು ಎದ್ದವು. ಕಾರ್ಯದರ್ಶಿಗಳದ್ದೂ ಎದ್ದಿತು, ಸ್ವಲ್ಪ ತಡವಾಗಿ. ನನ್ನ ನಾಲ್ಕು ಹಾಳೆ ಮಡಿಸಿದಂತೆಯೇ ಉಳಿಯಿತು. ಮಾತಾಡದೆ ಗೆದ್ದದ್ದು ನನಗೆ ಅದೇ ಮೊದಲು, ಬೇಸರವೇನೂ ಆಗಲಿಲ್ಲ.

ಆದರೂ ಒಂದು ಮುಳ್ಳು ಉಳಿದಿತ್ತು. ಸುಳಿವು ಎಷ್ಟೇ ಗಟ್ಟಿಯಿರಲಿ, ಕೊಳವೆಯನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. ಅಗೆದಾಗ ಅದು ಸರಿಯಾಗಿಯೇ ಇದ್ದರೆ? ಮೇಡಂಗೆ ಹೇಳಲಿಲ್ಲ, ಅವರೂ ನನಗೆ ಹೇಳಲಿಲ್ಲ.

ಮುಂದಿನ ವಾರ ಗಲ್ಲಿ ಅಗೆದರು. ಎದೆಮಟ್ಟದ ಗುಂಡಿಯಲ್ಲಿ ನಿಂತಿದ್ದ ಕೆಲಸಗಾರ ಗುದ್ದಲಿ ಪಕ್ಕಕ್ಕಿಟ್ಟು ಕೈಯಿಂದ ಮಣ್ಣು ಸರಿಸಿದ. ಎರಡು ಕೊಳವೆ ಸೇರುವಲ್ಲಿ ಅಂಚು ಒಡೆದು ಬಾಯಿ ಬಿಟ್ಟಿತ್ತು. ಸುತ್ತಲ ಮಣ್ಣು ಕಪ್ಪಗಿತ್ತು, ವಾಸನೆ ಮೇಲಿನವರೆಗೂ ಬಂತು. ಎಲ್ಲರೂ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಮೇಡಂ ಒಬ್ಬರು ಮಾತ್ರ ನನ್ನ ಭುಜ ಹಿಡಿದು ಗುಂಡಿಯೊಳಗೆ ಬಗ್ಗಿ ನೋಡಿದರು, ಬಹಳ ಹೊತ್ತು.

"ಸದ್ಯ" ಎಂದರು.