ಬದು ಸುಳ್ಳು ಹೇಳುವುದಿಲ್ಲ

ನನ್ನ ಪಿತ್ತ ನೆತ್ತಿಗೇರಿಸುವ ಮಾತೊಂದಿದೆ: "ಇದು ನಮ್ಮ ಕಡೆಯದಲ್ಲ, ಎಲ್ಲಿಯದೋ ಹಳೇ ವಿಡಿಯೊ." ಹೇಳುವವರಿಗೆ ಅದು ಒಂದು ಉಸಿರಿನ ಕೆಲಸ. ಹೌದೋ ಅಲ್ಲವೋ ಎಂದು ತೋರಿಸುವ ನನ್ನಂಥವರು ಮಾತ್ರ ಕಣ್ಣು ಕೆಂಪಾಗುವ ತನಕ ಕೂರಬೇಕು.

ಅದೇ ನನ್ನ ಕಸುಬು. ಕಡಗಂಚಿಯ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಭೂಗೋಳ ಓದಿದೆ. ಈಗ ಆಳಂದದ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಕೂತು, ಒಂದು ಸಣ್ಣ ಸುದ್ದಿತಾಣಕ್ಕಾಗಿ ಮೊಬೈಲಿನಲ್ಲಿ ಹರಿದಾಡುವ ವಿಡಿಯೊಗಳನ್ನು ನಿಜಕ್ಕೂ ಎಲ್ಲಿ ತೆಗೆದರು ಎಂದು ಪತ್ತೆ ಹಚ್ಚುತ್ತೇನೆ. ವಿಡಿಯೊದಲ್ಲಿ ಕಾಣುವ ಕಟ್ಟಡ, ದಾರಿ, ಹೊಲಗಳನ್ನು ಉಪಗ್ರಹದ ಚಿತ್ರದ ಜೊತೆ ಹೊಂದಿಸಿ ನೋಡುವುದು. ನಮ್ಮವ್ವ ಇದನ್ನು "ಮುಗಿಲಾಗ ಕುಂತು ಮಂದಿ ಮನಿ ಇಣುಕೋ ಕೆಲಸ" ಎನ್ನುತ್ತಾಳೆ. ಬಹುಪಾಲು ಸಲ ನಾನು ಸುಳ್ಳನ್ನೇ ಹಿಡಿದಿದ್ದೇನೆ. ಭೀಮಾ ನದಿಯ ಮಹಾಪೂರ ಎಂದು ಯಾರೋ ಕಳಿಸುತ್ತಾರೆ, ನೋಡಿದರೆ ಬೇರೆ ರಾಜ್ಯದ ಬೇರೆ ನದಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಹಾಗಾಗಿ ನನ್ನ ಕಸುಬಿಗೆ ಬರವಿಲ್ಲ.

ಆದರೆ ಒಂದು ಸಲ ಖರೆಯನ್ನೇ ಸುಳ್ಳೆಂದು ಸಾರಿದ್ದರು, ಮತ್ತು ಅದಕ್ಕೆ ಒಬ್ಬಾಕೆಯ ಕೆಲಸ ಹೋಗುವುದರಲ್ಲಿತ್ತು.

ಆಕೆ ಅಂಗನವಾಡಿ ಟೀಚರು. ಅಫಜಲಪುರದಿಂದ ಜೇವರ್ಗಿಯ ಕಡೆಗೆ ಭೀಮೆ ಹರಿಯುವ ದಂಡೆಯ ಮೇಲೆ ಆಕೆಯ ಊರು. ಹೊಳೆಯೊಳಗೆ ಯಂತ್ರ ಇಳಿಸಿ ಹಗಲಲ್ಲೇ ಮರಳು ಬಗೆಯುವುದನ್ನು ಅಂಗನವಾಡಿಯ ಮಾಳಿಗೆ ಹತ್ತಿ ಮೊಬೈಲಿನಲ್ಲಿ ಹಿಡಿದು, ಊರಿನ ಹೆಸರು ಬರೆದು, ಊರಿನವರೂ ಅಧಿಕಾರಿಗಳೂ ಇದ್ದ ಮೊಬೈಲ್ ಗ್ರೂಪಿಗೆ ಹಾಕಿದ್ದಳು. ತಪಾಸಣೆಗೆ ಬಂದ ಅಧಿಕಾರಿಗಳು ಹೊಳೆ ನೋಡಿ, "ಇಂಥ ಜಾಗವೇ ಇಲ್ಲ, ಇದು ಪರರಾಜ್ಯದ ಹಳೇ ವಿಡಿಯೊ, ಟೀಚರು ಸುಳ್ಳು ಹಬ್ಬಿಸಿದ್ದಾರೆ" ಎಂದು ಅದೇ ಗ್ರೂಪಿನಲ್ಲಿ ಹಾಕಿದರು. ಹಿಂದೆಯೇ ನೋಟಿಸು ಬಂತು. ನಿಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು, ಹೇಳಿ.

ನನಗೆ ಫೋನು ಮಾಡಿ ಹೇಳಿ, ಆ ನೋಟಿಸು ಹಿಡಿದುಕೊಂಡು ಆಕೆ ಆಳಂದಕ್ಕೆ ಬಸ್ಸು ಹತ್ತಿ ಬಂದಳು. ಅಳುತ್ತಾ ಬರುತ್ತಾಳೆ ಎಂದುಕೊಂಡಿದ್ದೆ. ಉರಿಯುತ್ತಾ ಬಂದಳು.

"ಅಕ್ಕಾರ, ನಾ ಮಾಳಗಿ ಮ್ಯಾಲ ನಿಂತು ತಗದೀನ್ರಿ. ನನ್ನ ಕಣ್ಣ ಸುಳ್ಳೇನ್ರಿ?"

"ನಿಮ್ಮ ಮಾತ ಸುಳ್ಳ ಅಂತ ನಾ ಅನ್ನಂಗಿಲ್ರಿ," ಎಂದೆ. "ಖರೆ ಅಂತನೂ ಅನ್ನಂಗಿಲ್ಲ. ಸದ್ಯಕ್ಕ ಅದು ನನಗ ಒಂದು ಊಹೆ ಅಷ್ಟೇ."

ಆಕೆ ನನ್ನನ್ನು ನೋಡಿದ ನೋಟದಲ್ಲಿ ನಾನು ಸುಟ್ಟುಹೋಗಬೇಕಿತ್ತು. ಏನು ಮಾಡುವುದು, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯ ಮೇಲೆಯೇ ನನ್ನ ಅನ್ನ ನಿಂತಿದೆ. ನಾನು ಆಕೆಯನ್ನು ನಂಬಿಬಿಟ್ಟರೆ ನನ್ನನ್ನು ಯಾರು ನಂಬುತ್ತಾರೆ?

ಮೊದಲು ವಿಡಿಯೊವನ್ನು ಚೂರು ಚೂರಾಗಿ ನಿಲ್ಲಿಸಿ, ಆ ಚಿತ್ರಗಳನ್ನು ಒಂದರ ಪಕ್ಕ ಒಂದು ಜೋಡಿಸಿದೆ. ಆಕೆ ಮೊಬೈಲನ್ನು ಎಡದಿಂದ ಬಲಕ್ಕೆ ತಿರುಗಿಸಿದ್ದರಿಂದ ಒಂದು ಉದ್ದನೆಯ ನೋಟ ಸಿಕ್ಕಿತು. ಎಡಕ್ಕೆ ಶಾಲೆ, ಅದಕ್ಕೆ ಹೊಂದಿ ನೀಲಿ ತಗಡಿನ ಒಂದು ಶೆಡ್ಡು, ಹಿಂದೆ ಒಂದು ಗುಡಿಯ ತುದಿ. ನಡುವೆ ನೀರಿನ ಟಾಕಿ. ಬಲಕ್ಕೆ ಹೊಳೆಗೆ ಇಳಿಯುವ ಬಂಡಿದಾರಿ, ಅದರ ಬದಿಗೆ ತ್ರಿಕೋನದಂಥ ಒಂದು ಮುಮ್ಮೂಲೆ ಹೊಲ, ಟಾಕಿಯ ಹಿಂದಕ್ಕೆ ಚಾಚಿದ ಅದರ ಚೂಪು ತುದಿಯಲ್ಲಿ ಒಂದು ಬಾವಿ. ಆಚೆ ಹೊಳೆ, ಮರಳಿನ ದಿಬ್ಬ, ಯಂತ್ರ.

ಆಮೇಲೆ ಉಪಗ್ರಹ ಚಿತ್ರದಲ್ಲಿ ಆಕೆ ಬರೆದಿದ್ದ ಊರು ಹುಡುಕಿದೆ. ಸಿಕ್ಕಿತು. ಶಾಲೆ ಇದೆ, ಟಾಕಿ ಇದೆ, ಹೊಳೆ ಇದೆ. ಆದರೆ ಹೊಳೆಗೆ ಇಳಿಯುವ ಬಂಡಿದಾರಿ ಗೆರೆ ಎಳೆದಷ್ಟು ನೇರ. ವಿಡಿಯೊದಲ್ಲಿ ಅದು ಮೊಣಕೈಯಂತೆ ಬಾಗಿತ್ತು. ಮುಮ್ಮೂಲೆ ಹೊಲವೇ ಇಲ್ಲ. ತಪಾಸಣೆಯವರ ಮಾತೇ ಖರೆಯೇನೋ ಎಂದು ನನಗೂ ಅನಿಸಿತು. ಎದುರಿಗೇ ಕೂತಿದ್ದ ಆಕೆಗೆ ಪರದೆ ತಿರುಗಿಸಿ ತೋರಿಸಿದೆ.

ಆಕೆ ಒಂದು ಕ್ಷಣ ನೋಡಿ, ಹಣೆ ಹಣೆ ಬಡಿದುಕೊಂಡಳು. "ಇದು ನಮ್ಮೂರಲ್ರಿ! ಇದು ಬಿ ಐತಿ!"

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊರಗಿನವರಿಗೆ ಹೇಳಬೇಕು. ಇಲ್ಲಿ ಒಂದೇ ಹೆಸರಿನ ಜೋಡಿ ಊರುಗಳು ಬೇಕಾದಷ್ಟಿವೆ. ದೊಡ್ಡದಕ್ಕೆ ಬಿ, ಅಂದರೆ ಬುದ್ರುಕ. ಸಣ್ಣದಕ್ಕೆ ಕೆ, ಅಂದರೆ ಖುರ್ದ್. ಸರ್ಕಾರದ ಕಾಗದದಲ್ಲಿ, ಬಸ್ಸಿನ ಬೋರ್ಡಿನಲ್ಲಿ ಆ ಒಂದಕ್ಷರ ಇರುತ್ತದೆ. ಆಕೆಯ ಊರು ಕೆ. ಆಕೆ ಬರೆದಾಗ ಕೆ ಹಚ್ಚಿರಲಿಲ್ಲ. ತಪಾಸಣೆಯವರು ಬರೀ ಹೆಸರು ನೋಡಿ ನೇರ ದೊಡ್ಡೂರಿಗೆ ಹೋಗಿ, ಅಲ್ಲಿಯ ಹೊಳೆ ನೋಡಿ ಬಂದಿದ್ದರು.

"ಕೆ ಯಾಕ ಹಚ್ಚಲಿಲ್ರಿ?" ಎಂದೆ.

"ಯಾಕ ಹಚ್ಚಬೇಕ್ರಿ? ಖುರ್ದ್ ಅಂದ್ರ ಸಣ್ಣದು. ನಮ್ಮೂರಾಗ ಒಬ್ಬರೂ ಹಚ್ಚಂಗಿಲ್ಲ. ನಾವೇನ್ ಅವರಿಗಿಂತ ಕಡಿಮಿ ಅದೀವೇನ್ರಿ?"

ನೋಟಿಸು ಮಡಿಲಲ್ಲಿ ಇಟ್ಟುಕೊಂಡೂ ಈ ಸೊಕ್ಕು! ನನಗೆ ನಗುವೂ ಬಂತು, ಆಕೆಯ ಮೇಲೆ ಪ್ರೀತಿಯೂ ಬಂತು. ಆದರೆ ಪ್ರೀತಿಯಿಂದ ಊರು ಹೊಂದುವುದಿಲ್ಲ.

ಕೆ ಊರಿನ ಚಿತ್ರ ತೆರೆದೆ. ನಡುವೆ ಒಂದು ಹಳ್ಳ ಬಿಟ್ಟರೆ ಎರಡೂ ಊರು ಒಂದೇ ದಂಡೆಯಲ್ಲಿವೆ. ಶಾಲೆ ಇಂಗ್ಲಿಷಿನ ಎಲ್ ಆಕಾರದಲ್ಲಿತ್ತು, ವಿಡಿಯೊದಲ್ಲೂ ಹಾಗೆಯೇ. ಆಕೆ ಆಗಲೇ ಗೆದ್ದವಳಂತೆ ಕೂತಳು. ನಾನು ಬಿಡಲಿಲ್ಲ. ಸರ್ಕಾರಿ ಶಾಲೆಗಳೆಂದರೆ ಒಂದೇ ಅಚ್ಚಿನ ಬೆಲ್ಲ. ಅಂಥ ಆಕಾರದ ಶಾಲೆ ಹತ್ತಾರು ಊರಲ್ಲಿ ಸಿಗುತ್ತದೆ. ಟಾಕಿಯೂ ಅಷ್ಟೇ. ಗುತ್ತಿಗೆದಾರರು ಕಟ್ಟಿದ್ದನ್ನು ನಂಬಿ ತೀರ್ಪು ಕೊಡಲಾಗದು.

ಹೊಲಗಳು ಹಾಗಲ್ಲ. ಅವುಗಳ ಆಕಾರವನ್ನು ಯಾರೂ ನಕ್ಷೆ ಹಾಕಿ ಮಾಡಿದ್ದಲ್ಲ. ಅಣ್ಣತಮ್ಮಂದಿರು ಪಾಲಾಗುವಾಗ ಎಲ್ಲರಿಗೂ ಹೊಳೆಯ ನೀರು ಮುಟ್ಟಲಿ ಎಂದು ಉದ್ದುದ್ದ ಪಟ್ಟಿ ಸೀಳುತ್ತಾರೆ. ಹಳ್ಳ ಅಡ್ಡ ಬಂದಲ್ಲಿ ಒಂದು ಮೂಲೆ ತುಂಡಾಗುತ್ತದೆ. ಈ ವರ್ಷ ತೊಗರಿ, ಮುಂದಿನ ವರ್ಷ ಕಬ್ಬು. ಬಣ್ಣ ಬದಲಾಗುತ್ತದೆ, ಬದು ಬದಲಾಗುವುದು ಅಪರೂಪ. ಕೆ ಊರಿನ ದಾರಿ ಹಳ್ಳದ ಹತ್ತಿರ ಮೊಣಕೈಯಂತೆ ಬಾಗಿತ್ತು. ಬಾಗಿದಲ್ಲೇ ಮುಮ್ಮೂಲೆ ಹೊಲ. ಹೊಲದ ಚೂಪು ತುದಿಯ ಬಳಿ ದುಂಡನೆಯ ಕಪ್ಪು ಚುಕ್ಕೆ, ಬಾವಿ. ಅದರಾಚೆ ಹೊಳೆಯತನಕ ಪಟ್ಟಿ ಪಟ್ಟಿ ಹೊಲ, ವಿಡಿಯೊದಲ್ಲಿ ಬದುಗಳು ಹೋದ ದಿಕ್ಕಿಗೇ.

ಇನ್ನೊಂದು ಪರೀಕ್ಷೆ ಉಳಿದಿತ್ತು. ವಿಡಿಯೊದ ಒಂದು ಕಡೆ ಟಾಕಿಯ ನೇರ ಹಿಂದೆ ಬಾವಿ ಕಾಣುತ್ತಿತ್ತು. ಉಪಗ್ರಹ ಚಿತ್ರದಲ್ಲಿ ಬಾವಿಯಿಂದ ಟಾಕಿಯ ಮೂಲಕ ಗೆರೆ ಎಳೆದು ಊರಿನೊಳಕ್ಕೆ ಮುಂದುವರಿಸಿದೆ. ವಿಡಿಯೊ ತೆಗೆದವರು ಆ ಗೆರೆಯ ಮೇಲೆಯೇ ಎಲ್ಲೋ ನಿಂತಿರಬೇಕು. ಶಾಲೆಯ ಮೂಲೆಯ ನೇರ ಹಿಂದೆ ಗುಡಿಯ ತುದಿ ಕಾಣುತ್ತಿತ್ತು, ಹಾಗಾಗಿ ಗುಡಿಯಿಂದ ಆ ಮೂಲೆಯ ಮೂಲಕ ಇನ್ನೊಂದು ಗೆರೆ ಎಳೆದೆ. ಎರಡೂ ಒಂದನ್ನೊಂದು ಕತ್ತರಿಸಿದ್ದು ಒಂದು ಚೌಕ ಮಾಳಿಗೆಯ ಮೇಲೆ.

"ಇದು ಯಾರ ಮನಿ ಐತ್ರಿ?" ಎಂದೆ, ಬೇಕೆಂದೇ.

"ಮನಿ ಅಲ್ರಿ, ನನ್ನ ಅಂಗನವಾಡಿ," ಎಂದಳು.

ಆದರೂ ಒಂದು ಮುಳ್ಳು ಚುಚ್ಚುತ್ತಿತ್ತು. ವಿಡಿಯೊದಲ್ಲಿದ್ದ ನೀಲಿ ಶೆಡ್ಡು ಈ ಚಿತ್ರದಲ್ಲಿ ಇರಲಿಲ್ಲ. ಶಾಲೆಯ ಪಕ್ಕ ಬರೀ ಮಣ್ಣು. ಹೊಂದುವುದು ಹತ್ತಿದ್ದರೂ ಹೊಂದದ್ದು ಒಂದಿದ್ದರೆ ಅದನ್ನು ಮುಚ್ಚಿಡುವಂತಿಲ್ಲ. ನಾನು ಮುಚ್ಚಿಟ್ಟರೆ ಎದುರಿನವರು ಅದನ್ನೇ ಎತ್ತಿ ನನ್ನ ತಲೆಗೆ ಹೊಡೆಯುತ್ತಾರೆ. ಚಿತ್ರದ ತಾರೀಖು ನೋಡಿದೆ. ಅದು ಹಳೆಯದು. ಪರದೆಯ ಮೇಲೆ ಕಾಣುವ ಉಪಗ್ರಹ ಚಿತ್ರ ಇವತ್ತಿನದೇ ಎಂದು ಜನ ತಿಳಿಯುತ್ತಾರೆ, ಅದು ಎಷ್ಟೋ ತಿಂಗಳು, ಕೆಲವೊಮ್ಮೆ ವರ್ಷಗಳ ಹಿಂದಿನದಾಗಿರುತ್ತದೆ. ಅದೇ ಜಾಗದ ಬೇರೆ ಬೇರೆ ತಾರೀಖಿನ ಚಿತ್ರಗಳನ್ನು ಒಂದೊಂದಾಗಿ ತೆರೆದೆ. ಕಟ್ಟಕಡೆಯದರಲ್ಲಿ, ಕಳೆದ ಬೇಸಿಗೆಯದರಲ್ಲಿ, ಶಾಲೆಗೆ ಹೊಂದಿ, ಅದರ ಹಿಂದಿನ ಬೇಸಿಗೆಯ ಚಿತ್ರದಲ್ಲೂ ಇಲ್ಲದ ನೀಲಿ ಚೌಕವೊಂದು ಮೂಡಿತ್ತು.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಹಳೇ ಚಿತ್ರದಲ್ಲಿ ಇಲ್ಲದ ಶೆಡ್ಡು ವಿಡಿಯೊದಲ್ಲಿದೆ ಎಂದರೆ, ವಿಡಿಯೊ ತೆಗೆದದ್ದು ಶೆಡ್ಡು ಎದ್ದ ಮೇಲೆ. "ಹಳೇ ವಿಡಿಯೊ" ಎಂಬ ಮಾತಿನ ಬುಡವೇ ಕಿತ್ತುಹೋಯಿತು. ಎರಡು ದಿನ ಬಿಟ್ಟು ಆಕೆಯ ಊರಿಗೆ ಹೋಗಿ, ಅದೇ ಮಾಳಿಗೆ ಹತ್ತಿ, ಅದೇ ನೋಟವನ್ನು ನನ್ನ ಮೊಬೈಲಿನಲ್ಲಿ ಹಿಡಿದೆ. ಯಂತ್ರ ಇರಲಿಲ್ಲ. ಅದು ಬಗೆದ ಗುಂಡಿಗಳಿದ್ದವು.

ನೋಟಿಸು ಕೊಟ್ಟ ಸಾಹೇಬರ ಕೋಣೆಗೆ ಇಬ್ಬರೂ ಹೋದೆವು. ವಿಡಿಯೊದ ಚಿತ್ರ, ಉಪಗ್ರಹದ ಚಿತ್ರ, ಎರಡರಲ್ಲೂ ಒಂದೇ ವಸ್ತುವಿಗೆ ಒಂದೇ ಬಣ್ಣದ ಸುತ್ತು ಹಾಕಿ ಅಚ್ಚು ಹಾಕಿಸಿಕೊಂಡಿದ್ದೆ. ಸಾಹೇಬರು ಒಂದೊಂದು ಸುತ್ತಿನ ಮೇಲೂ ಬೆರಳಿಟ್ಟು ನೋಡಿದರು.

"ಇದರಾಗ ಯಂತ್ರ ಕಾಣವಲ್ದಲ್ರಿ," ಎಂದರು ಕೊನೆಗೆ.

"ಕಾಣಂಗಿಲ್ರಿ," ಎಂದೆ. "ಆ ದಿನದ ಚಿತ್ರ ನನ್ನ ಹತ್ರ ಇಲ್ಲ. ಯಂತ್ರ ಯಾರದು, ಅದೂ ನನಗ ಗೊತ್ತಿಲ್ಲ. ಯಂತ್ರ ವಿಡಿಯೊದಾಗ ಐತಿ. ಆ ವಿಡಿಯೊ ಎಲ್ಲಿಂದು, ಅದನ್ನಷ್ಟ ನಾ ಹೇಳಾಕತ್ತೇನಿ. ಪರರಾಜ್ಯದ್ದಲ್ಲ, ಹಳೇದಲ್ಲ. ನಿಮ್ಮವರು ಹಳ್ಳದ ಈಚಿನ ಬಿ ಊರಿಗಿ ಹೋಗಿ ಬಂದಾರ."

ಅವರು ಅಚ್ಚುಗಳನ್ನು ಒಟ್ಟುಗೂಡಿಸಿ ಮೇಜಿನ ಅಂಚಿಗೆ ಸರಿಸಿದರು. "ಆಯ್ತು ಬಿಡ್ರಿ. ನೋಟಿಸ್ ವಾಪಸ್ ತಗೋತೀವಿ. ಟೀಚರಮ್ಮ, ನೀವು ನಿಮ್ಮ ಡ್ಯೂಟಿ ಮಾಡ್ಕೊಂಡು ಹೋಗ್ರಿ. ಇಲ್ಲಿಗೆ ಮುಗೀತು."

ನಾನು ಎದ್ದೆ. ನನ್ನ ಮಟ್ಟಿಗೆ ಗೆದ್ದಾಗಿತ್ತು. ಆಕೆ ಏಳಲಿಲ್ಲ.

"ಇಲ್ಲಿಗಿ ಹ್ಯಾಂಗ ಮುಗೀತದ್ರಿ ಸಾಹೇಬ್ರ?" ಎಂದಳು. "ನಮ್ಮೂರ ತಾಯಂದಿರು ಕೂಸುಗೋಳ ನನ್ನ ಕೈಯಾಗ ಕೊಟ್ಟು ಹೊಲಕ್ಕ ಹೋಗ್ತಾರ. ಟೀಚರು ಸುಳ್ಳಿ ಅಂತ ನೀವು ಗ್ರೂಪಿನಾಗ ಹಾಕಿದ ದಿನದಿಂದ ಅವರು ನನ್ನ ಮಾರಿ ನೋಡವಲ್ರು. ಸುಳ್ಳಿ ಅಂದಿದ್ದು ಊರ ಮುಂದ. ಖರೆ ಅನ್ನೋದು ಈ ಕೋಣ್ಯಾಗೇನ್ರಿ?"

ಸಾಹೇಬರು ನನ್ನ ಕಡೆ ನೋಡಿದರು. ಆಕೆಗೆ ನಾನು ಬುದ್ಧಿ ಹೇಳಲಿ ಎಂದಿರಬೇಕು. ನಾನು ಮತ್ತೆ ಕುರ್ಚಿ ಎಳೆದುಕೊಂಡು ಆಕೆಯ ಪಕ್ಕ ಕೂತೆ.

ಸಾಹೇಬರು ಮೊಬೈಲು ತೆಗೆದು ಅದೇ ಗ್ರೂಪು ತೆರೆದರು, ಒತ್ತಿದರು, ಅಳಿಸಿದರು, ಮತ್ತೆ ಒತ್ತಿದರು. ಮೊಬೈಲನ್ನು ಕೆಳಗಿಟ್ಟ ಮೇಲೆ ಆಕೆಯ ಚೀಲದೊಳಗೆ ಸದ್ದಾಯಿತು. ಆಕೆ ತೆಗೆದು, ಅಂಗನವಾಡಿಯಲ್ಲಿ ಮಕ್ಕಳಿಗೆ ಓದಿ ಹೇಳುವ ದನಿಯಲ್ಲಿ, ಹೊರಗಿನ ಗುಮಾಸ್ತರಿಗೂ ಕೇಳುವಂತೆ ಗಟ್ಟಿಯಾಗಿ ಓದಿದಳು: "ವಿಡಿಯೊ ಖರೆ ಇದೆ. ಟೀಚರು ಹೇಳಿದ್ದು ಖರೆ ಇದೆ."